ಇಬ್ಬರ ಪಾಲಿನ ಬಸ್ಸಾರು

ಚಿನ್ನದ ಸಾಲದ ಕಂಪನಿಯೊಂದರ ಚಿಂತಾಮಣಿ ಶಾಖೆಯಲ್ಲಿ ಅಡವಿಟ್ಟಿದ್ದ ಬಳೆಗಳು ನಕಲಿ ಎಂದು ಗುಮಾಸ್ತೆ ಶೋಭಾರಾಣಿಗೆ ಗೊತ್ತಾಯಿತು. ದೂರನ್ನು ನೇರವಾಗಿ ಕೇಂದ್ರ ಕಚೇರಿಯ ಜಾಗೃತ ವಿಭಾಗಕ್ಕೆ ಕಳಿಸಬಹುದಿತ್ತು, ಹೆಸರು ಗುಟ್ಟಾಗಿರುತ್ತಿತ್ತು. ಆದರೆ ರಜೆ ಅರ್ಜಿಯನ್ನೂ ಮ್ಯಾನೇಜರ್ ಮೂಲಕವೇ ಕಳಿಸಿ ಅಭ್ಯಾಸ. ಇದನ್ನೂ ಅವರ ಕೈಗೇ ಕೊಟ್ಟಳು. ಬಳೆಗಳನ್ನು ಅಸಲಿ ಎಂದು ಒಪ್ಪಿಕೊಂಡು ಸಾಲ ಕೊಟ್ಟವರೂ ಅವರೇ!

ಅದೇ ವಾರ ಅವಳಿಗೆ ಬೀದರ್ ಶಾಖೆಗೆ ವರ್ಗವಾಯಿತು.

ಆಗ ಕಂಪನಿಯ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರಿಗೆ ನೇರವಾಗಿ ಬರೆದಳು. ಒಳಗಿನ ಮೋಸ ತಿಳಿಸಿದವರ ಮೇಲೆ ಸೇಡು ತೀರಿಸಿಕೊಳ್ಳುವಂತಿಲ್ಲ ಎಂಬುದು ಕಂಪನಿಯದೇ ನಿಯಮ. ವಿಚಾರಣೆಯಾಯಿತು. ಮ್ಯಾನೇಜರ್ ಅಮಾನತಾದರು, ವರ್ಗ ರದ್ದಾಯಿತು.

ಮರಳಿದ ದಿನ ಮಧ್ಯಾಹ್ನ, ಎಂದಿನಂತೆ ಪಕ್ಕದ ಕುರ್ಚಿಯ ಶಿರೀಷಾಳತ್ತ ಬಸ್ಸಾರಿನ ಡಬ್ಬಿ ಸರಿಸಿದಳು. ಈ ಬಸ್ಸಾರಿಗಾಗಿ ಶಿರೀಷಾ ವರ್ಷಗಳಿಂದ ಬರೀ ಅನ್ನ ತರುತ್ತಿದ್ದಳು.

"ತಗೊಳ್ಳಮ್ಮ, ಹುರುಳಿಕಾಳಿಂದು."

ಶಿರೀಷಾ ತಲೆ ಎತ್ತಲಿಲ್ಲ. ಅವಳ ಡಬ್ಬಿಯಲ್ಲಿ ಅನ್ನದ ಜೊತೆ ಬೇರೆ ಸಾರಿತ್ತು.

"ಬೇಡಕ್ಕ. ನಿಮ್ಮ ಜೊತೆ ಕೂತ್ರೆ ಆ ದೂರಲ್ಲಿ ನಾನೂ ಸೇರಿದೀನಿ ಅಂತಾರೆ. ಮಕ್ಕಳಿದಾರೆ ನಂಗೂ."

ಅವಳು ತನ್ನ ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು. ಇದರ ಬಗ್ಗೆ ಯಾವ ಸಮಿತಿಗೆ ಬರೆಯುವುದು? ಇಬ್ಬರಿಗೆಂದು ತಂದ ಬಸ್ಸಾರನ್ನು ಶೋಭಾರಾಣಿ ಸಂಜೆ ಹಾಗೇ ಮನೆಗೆ ಹೊತ್ತೊಯ್ದಳು.