ಹಾಲಿ ಹನ್ನೆರಡು

ಚಿತ್ತಾಪುರದ ಬಜಾರಿನಲ್ಲಿ ಕಂದೀಲು, ಚಿಮಣಿ, ಗಾಜಿನ ಬುರುಡೆ, ಬತ್ತಿ ಬೇಕಾದವರೆಲ್ಲ ಅಂಬಾರಾಯನ ಅಂಗಡಿಗೇ ಬರಬೇಕು. ಸನ್ನತಿಯಿಂದ ಬಂದ ರೈತನೂ ಅಲ್ಲಿಯೇ ನಿಲ್ಲುತ್ತಿದ್ದ, ತಹಸೀಲ ಕಚೇರಿಯ ಜವಾನನೂ ಅಲ್ಲಿಯೇ ನಿಲ್ಲುತ್ತಿದ್ದ. ಹೆಸರು ಅಂಬಾರಾಯನದು, ಗೋಡೆ ಮಾತ್ರ ಸೈದಾನಬಿಯದು. ಅಂಗಡಿಯ ಹಿಂದೆ ಅವಳ ಮನೆ. ಗಂಡ ಬಂದೇಅಲಿ ತೀರಿಕೊಂಡ ಮೇಲೆ, ನಲವತ್ತೆಂಟರ ಪೋಲೀಸ್ ಕಾರ್ಯಾಚರಣೆಯ ವರ್ಷ, ಅವಳು ಮನೆಗೆ ಬೀಗ ಹಾಕಿ ಶಹಾಬಾದಿನ ತಮ್ಮನ ಮನೆಗೆ ಹೋದಳು. ಹೋಗುವಾಗ ಕೀಲಿಯನ್ನು ಬೇರೆ ಯಾರಿಗೂ ಕೊಡದೆ ಅಂಬಾರಾಯನ ಕೈಗೆ ಇಟ್ಟಿದ್ದಳು.

ಅಂದಿನಿಂದ ಪ್ರತಿ ಗುರುವಾರ ಸಂಜೆ ಅಂಬಾರಾಯ ಆ ಮನೆಯ ಬಾಗಿಲು ತೆರೆದು, ಕಸ ಹೊಡೆದು, ಬಂದೇಅಲಿ ಕೂಡುತ್ತಿದ್ದ ಪಡಸಾಲೆಯಲ್ಲಿ ಒಂದು ಕಂದೀಲು ಹಚ್ಚಿಟ್ಟು ಬರುತ್ತಿದ್ದ. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದೂ ಅಲ್ಲ. ಮೂರು ತಿಂಗಳಿಗೊಮ್ಮೆ ರೈಲು ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಹೋಗಿ ಬಾಡಿಗೆ ಕೊಡುತ್ತಿದ್ದ. ತಿಂಗಳಿಗೆ ಹದಿನಾಲ್ಕು ರೂಪಾಯಿ, ಹಾಲಿ ಸಿಕ್ಕಾ. ಯುಗಾದಿಗೆ ಹೋಗುವ ಸಲ ಮಾತ್ರ ಹೆಂಡತಿ ಚಂದಮ್ಮ ಹೋಳಿಗೆ ಕಟ್ಟಿ ಕೊಡುವುದು ರೂಢಿ.

ಹಾಲಿ ಎಂದರೆ ನಿಜಾಮರ ರೂಪಾಯಿ, ಕಲ್ದಾರ ಎಂದರೆ ಹಿಂದುಸ್ತಾನ ಸರಕಾರದ್ದು. ಏಳು ಹಾಲಿ ಕೊಟ್ಟರೆ ಆರು ಕಲ್ದಾರ. ಐವತ್ತೈದನೆಯ ಇಸವಿಯ ಏಪ್ರಿಲ್ ಒಂದರಿಂದ ಹಾಲಿ ನಡೆಯುವುದಿಲ್ಲ ಎಂದು ಡಂಗುರ ಬಿತ್ತು. ಲೆಕ್ಕಕ್ಕೆ ಹದಿನಾಲ್ಕು ಹಾಲಿಯೆಂದರೆ ಹನ್ನೆರಡು ಕಲ್ದಾರ. ಆದರೆ ಬಜಾರಿನವರು ಎಂಥ ಜಾಣರು! ನಿನ್ನೆ ಒಂದು ಹಾಲಿಗೆ ಮಾರಿದ ಸರಕನ್ನೇ ಇವತ್ತು ಒಂದು ಕಲ್ದಾರಕ್ಕೆ ಮಾರತೊಡಗಿದರು. ಅಂಬಾರಾಯನೂ ಅದನ್ನೇ ಮಾಡಿದ. ಮಾಡಿ, ರಾತ್ರಿ ಲೆಕ್ಕದ ಪುಸ್ತಕ ತೆಗೆದು ಕೂತ. ತಾನು ಒಂದಕ್ಕೊಂದು ತೆಗೆದುಕೊಳ್ಳುವುದು, ವಿಧವೆಗೆ ಮಾತ್ರ ಏಳಕ್ಕೆ ಆರು ಲೆಕ್ಕ ಹಾಕಿ ಕೊಡುವುದು, ಇದ್ಯಾವ ನ್ಯಾಯ ಎಂದು ಅವನ ಮನಸ್ಸೇ ಅವನನ್ನು ಕೇಳಿತು.

ಇನ್ನೊಂದು ಭಯವೂ ಇತ್ತು, ಸುಳ್ಳು ಯಾಕೆ ಹೇಳಬೇಕು. ಸೇಡಂನ ಎಣ್ಣೆ ವ್ಯಾಪಾರಿಯೊಬ್ಬ ಆ ಅಂಗಡಿ, ಮನೆ ಎರಡನ್ನೂ ಖರೀದಿಗೆ ಕೇಳಿದ್ದಾನೆಂಬ ಸುದ್ದಿ ಬಜಾರೆಲ್ಲ ಓಡಾಡುತ್ತಿತ್ತು. ಅವನು ಕೊಂಡರೆ ಅಂಬಾರಾಯ ಕಂದೀಲು ಹೊತ್ತು ಸಂತೆ ಸಂತೆ ತಿರುಗಬೇಕು. ಹದಿನಾಲ್ಕು ಕಲ್ದಾರ ಒಮ್ಮೆಲೇ ಕೊಡೋಣವೆಂದರೆ ಹೈದರಾಬಾದಿನ ಸಗಟು ವ್ಯಾಪಾರಿಗೆ ಕಟ್ಟುವ ಸಾಲದ ಕಂತು ದೀಪಾವಳಿಯ ತನಕ ಇದೆ. ಕೊನೆಗೆ ಹಂತ ಹಂತವಾಗಿ ಏರಿಸುತ್ತೇನೆಂದು ಒಂದು ಕಾಗದ ಬರೆಯುವುದೆಂದು ನಿಶ್ಚಯಿಸಿದ.

ಬಾಯಿಂದ ಹೇಳಿದರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೆ ಸೇಡಂನವನ ಎದುರು ತನ್ನ ಮಾತಿಗೂ ತೂಕ ಬೇಕಲ್ಲ! ತಹಸೀಲ ಕಚೇರಿಯ ಮುಂದಿನ ಅಂಗಡಿಯಲ್ಲಿ ದಿನವೂ ಕೂತು ಕೂತು ಅಂಬಾರಾಯನಿಗೆ ಕಚೇರಿ ಮಾತಿನ ಚಟ ಹತ್ತಿತ್ತು. ‘ಈಗ’ ಎಂದು ಬರೆಯಬೇಕಾದಲ್ಲೆಲ್ಲ ‘ಹಾಲಿ’ ಎಂದು ಬರೆಯುವ ಕಾರಕೂನರ ಠೀವಿ ಅವನ ಕಣ್ಣಿಗೆ ಬಹಳ ಚಂದ ಕಾಣುತ್ತಿತ್ತು. ಹೊಸ ನಿಬ್ಬು ಹಾಕಿ, ಎರಡು ಪ್ರತಿ ಬರೆದ:

“ಸೈದಾನಬಿಯವರ ಸನ್ನಿಧಿಗೆ ಚಿತ್ತಾಪುರದಿಂದ ಅಂಬಾರಾಯನ ಶರಣು. ತಮ್ಮ ಅಂಗಡಿಯ ಬಾಡಿಗೆಯನ್ನು ಬರುವ ಏಪ್ರಿಲ್ ತಿಂಗಳಿನಿಂದ ಈ ಕೆಳಗಿನ ತಪಶೀಲಿನಂತೆ ಬದಲಾಯಿಸಬೇಕೆಂದು ವಿನಂತಿ.

| ಅವಧಿ | ತಿಂಗಳ ಬಾಡಿಗೆ | ಪಾವತಿ |
|---|---|---|
| ೧೯೫೫ ಏಪ್ರಿಲ್‌ನಿಂದ ಅಕ್ಟೋಬರ್ | ಹಾಲಿ ೧೨ ರೂ. | ೫ನೇ ತಾರೀಖಿನೊಳಗೆ, ಮನಿಆರ್ಡರ್ |
| ೧೯೫೫ ನವೆಂಬರ್‌ನಿಂದ ೧೯೫೬ ಮಾರ್ಚ್ | ಮುಂದೆ ೧೩ ರೂ. | ಸದರಿ |
| ೧೯೫೬ ಏಪ್ರಿಲ್‌ನಿಂದ | ಆಮೇಲೆ ೧೪ ರೂ. | ಸದರಿ |

ಇದು ಒಪ್ಪಿಗೆಯಾದರೆ ಐದು ವರ್ಷ ಅಂಗಡಿಯನ್ನು ನನ್ನ ಕಡೆಯೇ ಇಡಬೇಕು, ಕೆಳಗೆ ಸಹಿ ಮಾಡಿ ಒಂದು ಪ್ರತಿ ಕೊಡಬೇಕು.”

ಮನಿಆರ್ಡರ್ ಎಂದು ಬರೆದದ್ದೂ ಠೀವಿಗೇ. ಅಂಚೆಯ ರಸೀದಿ ಇದ್ದರೆ ವ್ಯವಹಾರ ಪಕ್ಕಾ ಎಂದು ಯಾರೋ ಹೇಳಿದ್ದರು. ಚಂದಮ್ಮ ಕಾಗದ ಓದಿಸಿ ಕೇಳಿ, ಹಾಗಾದರೆ ಈ ಸಲ ಯುಗಾದಿಗೆ ಹೋಗುವುದಿಲ್ಲವೇ ಎಂದಳು. ಕಾಗದ ಹೋಗುತ್ತದಲ್ಲ ಎಂದ ಅಂಬಾರಾಯ. ಅವಳು ಒಳಗೆ ಹೋದಳು.

ಕಾಗದಕ್ಕೆ ಉತ್ತರ ಬರಲಿಲ್ಲ. ಯುಗಾದಿ ಬಂತು, ಹೋಯಿತು. ಏಪ್ರಿಲ್ ಹುಟ್ಟಿದ ಕೂಡಲೇ ಅಂಬಾರಾಯ ಹನ್ನೆರಡು ಕಲ್ದಾರ ಮನಿಆರ್ಡರ್ ಮಾಡಿದ. ಮುಂದಿನ ವಾರ ಟಪಾಲಿನವನು ಆ ಹನ್ನೆರಡು ರೂಪಾಯಿಯನ್ನು ಹಾಗೆಯೇ ತಂದು ಎಣಿಸಿಕೊಟ್ಟ. ಫಾರ್ಮಿನ ಮೇಲೆ, ತೆಗೆದುಕೊಳ್ಳಲು ಒಪ್ಪಲಿಲ್ಲ ಎಂದು ಬರೆದಿತ್ತು.

ಅಂಬಾರಾಯ ಫಾರ್ಮು ಹಿಡಿದು ಕೋರ್ಟಿಗೆ ಓಡಿದ. ಕೋರ್ಟಿನ ಕಾರಕೂನ ರೇವಣಪ್ಪ ಫಾರ್ಮನ್ನು ತಿರುಗಿಸಿ ಮುರುಗಿಸಿ ನೋಡಿ, ಮಾಲಕರು ಬಾಡಿಗೆ ವಾಪಸ್ ಮಾಡಿದರೆಂದರೆ ಬಿಡಿಸುವ ಮನಸ್ಸಿದೆ ಎಂದೇ ಅರ್ಥ ಎಂದ. ಮೊದಲು ಬಾಡಿಗೆ ಮುಟ್ಟಲಿಲ್ಲ ಎನ್ನುತ್ತಾರೆ, ಆಮೇಲೆ ನೋಟೀಸು ಕೊಡುತ್ತಾರೆ. ನೀನು ಈ ಫಾರ್ಮು ಜೋಪಾನ ಮಾಡಿ, ರೊಕ್ಕವನ್ನು ಕೋರ್ಟಿನಲ್ಲಿ ಜಮಾ ಮಾಡು. ಅವರ ಮನೆಯ ಕೀಲಿ ಇದ್ದರೆ ಅದನ್ನೂ ಸಾಕ್ಷಿಯ ಎದುರಿಗೆ ತಿರುಗಿ ಕೊಟ್ಟುಬಿಡು ಎಂದು ಉಪದೇಶಿಸಿದ. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಾಯಿದೆ ಬಲ್ಲವನು ಹಾಗೆಯೇ ಹೇಳಬೇಕು.

ಚಂದಮ್ಮನಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. “ಕೋರ್ಟಿನಾಗ ಗೆದ್ದವ ಸೋತ, ಸೋತವ ಸತ್ತ,” ಎಂದಳು. “ಆಕಿ ಏನು ಪರದೇಶದಾಗ ಅದಾಳೇನು? ಹೋಗಿ ಮುಖ ನೋಡಿ ಬರ್ರಿ.” ಹಬ್ಬ ಹೋದ ಮೇಲೆ ಹೋಳಿಗೆ ಮಾಡಿ ಗಂಟು ಕಟ್ಟಿ ಕೊಟ್ಟಳು.

ವಾಡಿ ಸ್ಟೇಷನ್ನಿನಲ್ಲಿ ಗಾಡಿ ಕಾಯುತ್ತ ಕೂತಾಗ ಅಂಬಾರಾಯನ ಒಂದು ಕಿಸೆಯಲ್ಲಿ ವಾಪಸು ಬಂದ ರೊಕ್ಕವಿತ್ತು, ಇನ್ನೊಂದರಲ್ಲಿ ಕೀಲಿ. ಅಂಗಡಿ ಹೋದರೆ ಹೋಗಲಿ, ಹೊಟ್ಟೆ ಹೇಗಾದರೂ ನಡೆದೀತು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಗುರುವಾರ ಸಂಜೆ ತಾನು ಎಲ್ಲಿಗೆ ಹೋಗಬೇಕು? ದುಃಖ ಉಕ್ಕಿ ಬಂತು. ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡ.

ಶಹಾಬಾದಿನಲ್ಲಿ ಸೈದಾನಬಿ ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ಇವನನ್ನು ಕಂಡು ಮೊರ ಕೆಳಗಿಟ್ಟು, ಕೂಡಲು ಚಾಪೆ ಹಾಸಿ, ನೀರು ಕೊಟ್ಟಳು. ಅಂಬಾರಾಯ ನೀರು ಕುಡಿಯಲಿಲ್ಲ. ಹೋಳಿಗೆ ಗಂಟು ಇಟ್ಟ, ಅದರ ಪಕ್ಕದಲ್ಲಿ ಕೀಲಿ ಇಟ್ಟ. ಕೀಲಿ ನೋಡಿ ಅವಳ ಮುಖ ಬಣ್ಣಗೆಟ್ಟಿತು.

“ಇದ್ಯಾಕ ತಂದಿ?”

“ನೀವು ರೊಕ್ಕ ವಾಪಸ್ ಮಾಡೀರಿ, ಬೀಬಿ. ಅಂಗಡಿ ಬಿಡು ಅನ್ನೋದನ್ನ ಬಾಯಿಲೆ ಹೇಳಿದ್ರೂ ನಾ ಬಿಡ್ತಿದ್ದೆ.”

ಸೈದಾನಬಿ ಒಳಗೆ ಹೋಗಿ ಅವನ ಕಾಗದವನ್ನೇ ತಂದು ಮುಂದೆ ಹಿಡಿದಳು. ಕೆಳಗೆ ಉರ್ದುವಿನಲ್ಲಿ ಅವಳ ಸಹಿ ಇತ್ತು. ಎರಡೂ ಪ್ರತಿಯ ಮೇಲೆ ಇತ್ತು.

ಅವಳಿಗೆ ಕನ್ನಡ ಓದಲು ಬಾರದು. ಪಕ್ಕದ ಮನೆಯ ಬಾಬುಮಿಯಾ ಓದಿ ಹೇಳಿದ್ದನಂತೆ. ಹಾಲಿ ಹನ್ನೆರಡು ಎಂದಿದ್ದನ್ನು ಅವನು ಹಾಲಿ ಸಿಕ್ಕಾ ಹನ್ನೆರಡು ಎಂದೇ ಓದಿದ. ಅವನದೇನು ತಪ್ಪು? ಸಿಕ್ಕಾ ನಿಲ್ಲುವುದಿದ್ದರೂ ಮಂದಿಯ ಲೆಕ್ಕ ಇನ್ನೂ ಹಾಲಿಯಲ್ಲೇ ಇತ್ತು. ಕಾಗದದಲ್ಲಿ ಎಲ್ಲಿ ಹುಡುಕಿದರೂ ಕಲ್ದಾರ ಎಂಬ ಮಾತಿಲ್ಲ. ಹದಿನಾಲ್ಕು ಹಾಲಿ ಕೊಡುತ್ತಿದ್ದವನು ಹನ್ನೆರಡಕ್ಕೆ ಇಳಿಸಿ, ವರ್ಷದ ಮೇಲೆ ಮತ್ತೆ ಹದಿನಾಲ್ಕಕ್ಕೆ ಬರುತ್ತೇನೆ ಎನ್ನುತ್ತಿದ್ದಾನೆ ಎಂದು ಅವಳು ತಿಳಿದಳು. ಅಂಬಾರಾಯ ಬಾಡಿಗೆ ಕಡಿಮೆ ಮಾಡಿರೆಂದು ಬಾಯಿ ಬಿಟ್ಟು ಕೇಳಬೇಕಾದರೆ ಮನೆಯಲ್ಲಿ ಏನು ಕಷ್ಟ ಬಂದಿದೆಯೋ ಎಂದು ಮರುಗಿ, ಅಂದೇ ಸಹಿ ಮಾಡಿದಳು. ಯುಗಾದಿಗೆ ಬಂದಾಗ ಕೈಯಲ್ಲೇ ಕೊಡೋಣವೆಂದು ಇಟ್ಟುಕೊಂಡಳು.

“ಯುಗಾದಿಗಿ ನೀ ಬರಲಿಲ್ಲ,” ಎಂದಳು. “ಬಂದದ್ದು ಟಪಾಲಿನವ. ಹನ್ನೆರಡು ಕಲ್ದಾರ, ಅಂದ್ರ ಪೂರಾ ಹದಿನಾಲ್ಕು ಹಾಲಿ. ಕಷ್ಟದಾಗಿದ್ದವ ಮಾನಕ್ಕಂಜಿ ಪೂರಾ ಕಳಿಸ್ಯಾನ, ಕೂಸುಗಳ ಹೊಟ್ಟಿ ಕಟ್ಟಿ ಕಳಿಸ್ಯಾನ ಅಂದ್ಕೊಂಡೆ. ಹ್ಯಾಂಗ ತಗೊಳ್ಳಲಿ?”

ಅಂಬಾರಾಯ ಹಣೆ ಬಡಿದುಕೊಂಡ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆಯಬೇಡ ಎಂದು ಮಂದಿಗೆ ಹೇಳುವವನು, ದೀಪ ಮಾರುವ ತಾನೇ ಅಡ್ಡಗೋಡೆಯ ಮೇಲೆ ಇಟ್ಟಿದ್ದ! ಹಾಲಿ ಎಂದರೆ ಈಗ ಎಂಬ ಅರ್ಥದಲ್ಲಿ ಬರೆದೆ, ಈಗ ಹನ್ನೆರಡು ಕಲ್ದಾರ, ಏರಿಸಿ ಏರಿಸಿ ಹದಿನಾಲ್ಕು ಕಲ್ದಾರ, ಇಳಿಸುವುದಲ್ಲ ಎಂದು ತಡವರಿಸುತ್ತ ಹೇಳಿದ. ಹದಿನಾಲ್ಕು ಕಲ್ದಾರ ಎಂದರೆ ಹಾಲಿಯ ಲೆಕ್ಕದಲ್ಲಿ ಹದಿನಾರಕ್ಕೂ ಮೇಲೆ ಎಂದು ಅವಳು ಬೆರಳು ಮಡಚಿ ಮಡಚಿ ಎಣಿಸಿದಳು. ಎಣಿಸಿ, ಸೆರಗು ಬಾಯಿಗೆ ಹಿಡಿದು ನಗತೊಡಗಿದಳು. ಅಂಬಾರಾಯನೂ ನಕ್ಕ. ನಗುತ್ತ ನಗುತ್ತ ಇಬ್ಬರ ಕಣ್ಣೂ ತುಂಬಿದವು.

ಸೇಡಂನ ವ್ಯಾಪಾರಿಯ ಸುದ್ದಿ ಕೇಳುವ ಧೈರ್ಯ ಆಗ ಬಂತು. ಅವನು ಬಂದಿದ್ದ, ಚಹಾ ಕುಡಿಸಿ, ಮಾರುವುದಿಲ್ಲ ಎಂದು ಹೇಳಿ ಕಳಿಸಿದೆ ಎಂದಳು. ಅದೂ ಕಾಗದ ಬಂದ ಮೇಲೆಯೇ, ಅಂದರೆ ಬಾಡಿಗೆ ಇಳಿಯುತ್ತದೆ ಎಂದು ತಿಳಿದ ಮೇಲೆಯೇ.

ಆಮೇಲೆ ಶುರುವಾಯಿತು ನೋಡಿ ಚೌಕಾಶಿ. ಬಜಾರಿನಲ್ಲಿ ಹುಟ್ಟಿ ಬೆಳೆದ ಅಂಬಾರಾಯ ಅಂಥದ್ದನ್ನು ಕಂಡಿರಲಿಲ್ಲ. ಬಾಡಿಗೆದಾರ ಏರಿಸುತ್ತಾನೆ, ಮಾಲಕಳು ಇಳಿಸುತ್ತಾಳೆ. ಹನ್ನೆರಡೇ ಇರಲಿ ಎಂದು ಅವಳು, ಹದಿನಾಲ್ಕು ಆಗಲೇಬೇಕು ಎಂದು ಇವನು. ಕೊನೆಗೆ ದೀಪಾವಳಿಯ ತನಕ ಹನ್ನೆರಡು, ಅಲ್ಲಿಂದ ಮುಂದೆ ಹದಿಮೂರು, ಹದಿನಾಲ್ಕರ ಸಾಲೇ ಬೇಡ ಎಂದು ಇತ್ಯರ್ಥವಾಯಿತು. ಅಂಬಾರಾಯ ಎರಡೂ ಪ್ರತಿಯಲ್ಲಿ ಹಾಲಿ ಎಂಬುದನ್ನು ಹೊಡೆದು ಕಲ್ದಾರ ಎಂದು ಬರೆದ, ಕೊನೆಯ ಸಾಲು ಹೊಡೆದ, ಕಿಸೆಯಲ್ಲಿದ್ದ ಹನ್ನೆರಡು ಕಲ್ದಾರವನ್ನು ಅವಳ ಮುಂದೆ ಇಟ್ಟ.

ಸೈದಾನಬಿ ಇನ್ನೂ ಕಾಗದ ಬಿಡಲಿಲ್ಲ. ಮೂರನೆಯ ಅಂಕಣದ ಮೇಲೆ ಬೆರಳಿಟ್ಟು, ಇಲ್ಲೇನಿದೆ ಎಂದು ಕೇಳಿದಳು. ಮನಿಆರ್ಡರ್ ಎಂದ.

“ಅದನ್ನ ಹೊಡಿ.”

“ಯಾಕ್ರಿ ಬೀಬಿ? ಪಕ್ಕಾ ರಸೀದಿ ಸಿಗ್ತದ.”

“ರಸೀದಿ ನಾ ಏನು ಮಾಡ್ಲಿ?” ಎಂದಳು. “ನೀ ಬಂದ್ರ ಚಿತ್ತಾಪುರ ಬಂದಂಗ. ನನ್ನ ಮನಿ ಬಾಗಿಲಾ ತೆರೆದವ ನೀನೊಬ್ಬನೇ ಇದ್ದಿ. ರೊಕ್ಕ ತಿರುಗಿ ಕಳಿಸಿದ್ರ ಜಗಳಕ್ಕಾದ್ರೂ ಬರ್ತಾನ ಅಂತನೂ ಕಳಿಸೀನಿ.”

ಅಂಬಾರಾಯ ತಲೆ ತಗ್ಗಿಸಿದ. ಮನಿಆರ್ಡರ್ ಎಂಬುದನ್ನು ಎರಡೂ ಪ್ರತಿಯಲ್ಲಿ ಹೊಡೆದ. ಅಲ್ಲಿ ಏನು ಬರೆಯುವುದು ಎಂದು ಯೋಚಿಸುವಷ್ಟರಲ್ಲಿ ಅವಳೇ ಲೇಖಣಿ ಇಸಿದುಕೊಂಡು, ಉರ್ದುವಿನಲ್ಲಿ, ಖುದ್ದಾಗಿ ಬಂದು ಕೊಡತಕ್ಕದ್ದು ಎಂದು ಬರೆದಳು. ಹೋಳಿಗೆ ಗಂಟು ಬಿಚ್ಚಿ, ಕೀಲಿಯನ್ನು ಅದೇ ಬಟ್ಟೆಯಲ್ಲಿ ಕಟ್ಟಿ ಅವನ ಕೈಗಿಟ್ಟಳು. ಮಳೆಗಾಲಕ್ಕೆ ಮುಂಚೆ ಪಡಸಾಲೆಯ ತೊಲೆಗೆ ಗೆದ್ದಲು ಹತ್ತಿದೆಯೇ ನೋಡು ಎಂದಳು.

ತಿರುಗಿ ಬರುವಾಗ ವಾಡಿಯಲ್ಲಿ ಕೂತು ಅಂಬಾರಾಯ ವ್ಯಾಪಾರಿಯ ಚಾಳಿಯಂತೆ ಲೆಕ್ಕ ಹಾಕಿದ. ಮನಿಆರ್ಡರಿಗೆ ಹೋಗುವುದು ಆಣೆಗಳ ಮಾತು, ರೈಲಿಗೆ ಅದರ ಎಷ್ಟೋ ಪಟ್ಟು. ಐದನೇ ತಾರೀಖಿನ ಮಾತು ಹೊಡೆಯದೆ ಉಳಿದದ್ದರಿಂದ, ಅದೂ ಇನ್ನು ಮೇಲೆ ತಿಂಗಳು ತಿಂಗಳೂ. ಇಷ್ಟು ನಷ್ಟದ ಕರಾರಿಗೆ ಅವನು ಜನ್ಮದಲ್ಲಿ ಸಹಿ ಮಾಡಿರಲಿಲ್ಲ. ಕಿಸೆಯಲ್ಲಿನ ಕೀಲಿಯನ್ನು ಮುಟ್ಟಿ ನೋಡಿಕೊಂಡ. ಅಂದು ಬುಧವಾರ, ನಾಳೆ ಸಂಜೆ ಕಂದೀಲಿಗೆ ಹೊಸ ಬತ್ತಿ ಹಾಕಬೇಕು ಎಂದುಕೊಂಡ.