ಕೊಳವೆಯ ಅಚ್ಚು

ಅಬ್ಬಿಗೆರೆ ಮುಖ್ಯರಸ್ತೆಯ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಮೂತ್ರ ಪರೀಕ್ಷೆ ಮಾಡುತ್ತಿರುವ ಸರಳಾಗೆ ಜನರ ಬಾಯಿಮಾತಿನ ಮೇಲೆ ನಂಬಿಕೆಯೇ ಉಳಿದಿರಲಿಲ್ಲ. ಕೆಲಸಕ್ಕೆ ಸೇರುವಾಗಿನ ಪರೀಕ್ಷೆಗೆ ತಮ್ಮನ ಮೂತ್ರ ತಂದುಕೊಟ್ಟವರನ್ನು ಕಂಡಿದ್ದಳು, ನಲ್ಲಿ ನೀರು ಬೆರೆಸಿದವರನ್ನೂ ಕಂಡಿದ್ದಳು. ಹೋದ ತಿಂಗಳಂತೂ ಪಕ್ಕದ ಬೇರಿಂಗ್ ಫ್ಯಾಕ್ಟರಿಯ ಒಬ್ಬ ಮಹಾಶಯ ಬೆರಳು ಚುಚ್ಚಿಕೊಂಡು ಬಾಟಲಿಗೆ ರಕ್ತ ಬಿಟ್ಟು, ಕಿಡ್ನಿಯಲ್ಲಿ ಕಲ್ಲೆಂದು ಹದಿನೈದು ದಿನ ರಜೆ ಹೊಡೆದಿದ್ದ. ಅವನ ವರದಿ ಬರೆದವಳು ಇವಳೇ. ಸಂಗತಿ ಬಯಲಾದಾಗ ಫ್ಯಾಕ್ಟರಿಯವರು ನಕ್ಕಿದ್ದು ನೆನೆದರೆ ಈಗಲೂ ಮೈ ಉರಿಯುತ್ತಿತ್ತು.

ಈಗ ಅದೇ ಫ್ಯಾಕ್ಟರಿಯ ಇನ್ನೊಬ್ಬ, ಗದಗ ಕಡೆಯ ಫಕೀರಪ್ಪ. ನಿನ್ನೆ ಬಂದ ಅವನ ಬಾಟಲಿಯಲ್ಲಿ ರಕ್ತ ಸಿಕ್ಕಿತ್ತು, ಸೂಕ್ಷ್ಮದರ್ಶಕದಲ್ಲಿ ಬೇರೇನೂ ಕಂಡಿರಲಿಲ್ಲ. ಅಲ್ಲಿನ ಅಧಿಕಾರಿ ಅಶ್ವತ್ಥ್ ಬೆಳಿಗ್ಗೆಯೇ ಫೋನ್ ಮಾಡಿದ.

"ಇವ್ನೂ ಅದೇ ನಾಟಕ ಮೇಡಂ. ಅವನನ್ನೇ ಕಳಿಸ್ತಿದೀನಿ. ರಕ್ತ ಹೊರಗಡೆಯಿಂದ ಹಾಕಿದ್ದು ಅಂತ ಒಂದ್ ಸಾಲು ಬರ್ಕೊಡಿ ಸಾಕು, ಇವತ್ತೇ ಕೆಲಸದಿಂದ ತೆಗೀತೀನಿ."

ಫಕೀರಪ್ಪ ಬಂದ. ಹೆಬ್ಬೆರಳಿಗೆ ಬ್ಯಾಂಡೇಜು. ಸರಳಾಗೆ ಅಷ್ಟೇ ಸಾಕಾಯಿತು.

"ಬೆರಳಿಗೆ ಏನಾಯ್ತು?"

"ಮಷಿನ್ಯಾಗ ಸಿಕ್ಕಿತ್ರಿ ಯಕ್ಕಾ."

ಸಿಕ್ಕಿರುತ್ತದೆ, ಸಿಕ್ಕದೆ ಏನು, ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಅವನ ಬ್ಯಾಂಡೇಜು ಬಿಚ್ಚಿಸಿ, ಸೋಪು ಹಾಕಿ ಕೈ ತೊಳೆಸಿ, ಗವಸು ತೊಡಿಸಿದಳು. ತನ್ನ ಜೊತೆ ಕೆಲಸ ಮಾಡುವ ಸಿದ್ದಲಿಂಗನನ್ನು ಕಾವಲಿಗೆ ಶೌಚಾಲಯದೊಳಕ್ಕೇ ಕಳಿಸಿದಳು. ಫಕೀರಪ್ಪ ನಾಚಿಕೆಯಿಂದ ತಲೆ ತಗ್ಗಿಸಿದ. ನಾಚಿಕೊಳ್ಳಲಿ, ಕಳ್ಳನಿಗೆ ಇಷ್ಟಾದರೂ ಆಗಬೇಕು ಎಂದಿತು ಅವಳ ಮನಸ್ಸು.

"ನಾನು ಕಣ್ಣು ಮುಚ್ಚಿಲ್ಲ ಕಣ್ರೀ," ಎನ್ನುತ್ತ ಸಿದ್ದಲಿಂಗ ಬಾಟಲಿ ತಂದಿಟ್ಟ. ಮೂತ್ರ ಕಡು ಚಹಾದ ಬಣ್ಣಕ್ಕಿತ್ತು.

ಪರೀಕ್ಷೆಯ ಕಡ್ಡಿ ಅದ್ದಿದಳು. ಪ್ರೋಟೀನ್ ಮೂರು ಪ್ಲಸ್, ವಿಪರೀತ. ನಿನ್ನೆಯದರಲ್ಲೂ ಇತ್ತು, ಹಾಕಿದ ರಕ್ತದ್ದೆಂದು ಬಿಟ್ಟಿದ್ದಳು. ನಾಲ್ಕು ಹನಿ ರಕ್ತ ಬೆರೆತರೆ ಇಷ್ಟು ಬರುವುದಿಲ್ಲ. ಅನುಮಾನ ಈಗ ತನ್ನ ಮೇಲೆಯೇ ತಿರುಗಿತು. ನಿನ್ನೆಯ ಬಾಟಲಿ ಎಷ್ಟು ಹೊತ್ತಿಗೆ ಬಂದಿತ್ತು ಎಂದು ಸಿದ್ದಲಿಂಗನನ್ನು ಕೇಳಿದಳು.

"ಬೆಳಿಗ್ಗೆ ಏಳಕ್ಕೆ ಕೊಟ್ಟಿದ್ದಂತೆ. ಅವ್ರ ಗೇಟಲ್ಲಿ ಬಿಸಿಲಲ್ಲೇ ಇತ್ತು. ನಮಗೆ ಬಂದಿದ್ದು ಎರಡು ಗಂಟೆಗೆ."

ಏಳು ಗಂಟೆ ಹಳೆಯ ಮೂತ್ರ! ಅಷ್ಟು ಹೊತ್ತಿಟ್ಟರೆ ರಕ್ತಕಣಗಳು ಒಡೆಯುತ್ತವೆ, ಕಾಸ್ಟ್ ಕರಗಿಹೋಗುತ್ತದೆ. ಕಾಸ್ಟ್ ಎಂದರೆ ಕಿಡ್ನಿಯ ಸಣ್ಣ ಕೊಳವೆಗಳಲ್ಲಿ ಪ್ರೋಟೀನ್ ಹೆಪ್ಪುಗಟ್ಟಿ, ಕೊಳವೆಯ ಆಕಾರದಲ್ಲೇ ಹೊರಬರುವ ಅಚ್ಚು. ಅದೆಲ್ಲ ಗೊತ್ತಿದ್ದೂ ನಿನ್ನೆ ಸಮಯ ನೋಡದೆ 'ಕಾಸ್ಟ್ ಇಲ್ಲ' ಎಂದು ಬರೆದಿದ್ದಳು.

ತಾಜಾ ಮೂತ್ರವನ್ನು ಐದು ನಿಮಿಷ ಯಂತ್ರದಲ್ಲಿ ತಿರುಗಿಸಿ, ಮೇಲಿನದನ್ನು ಚೆಲ್ಲಿ, ತಳದ ಗಷ್ಟನ್ನು ಕಲಕಿ ಒಂದು ಹನಿ ಗಾಜಿಗಿಟ್ಟಳು. ಸೂಕ್ಷ್ಮದರ್ಶಕದ ಬೆಳಕು ಜಾಸ್ತಿಯಾದರೆ ಕಾಸ್ಟ್ ಕಣ್ಣಿಗೆ ಬೀಳುವುದಿಲ್ಲ. ಬೆಳಕು ತಗ್ಗಿಸಿ, ಮೊದಲು ಕಡಿಮೆ ಪವರಿನಲ್ಲಿ ಅಂಚುಗಳನ್ನು ಹುಡುಕಿದಳು.

ಲಕೋಟೆಯಂಥ ಆಕ್ಸಲೇಟ್ ಹರಳು ಎರಡು ಮೂರು ಕಂಡವು. ಗೊತ್ತಿಲ್ಲದವರು ನೋಡಿದ್ದರೆ ಕಲ್ಲೆಂದು ಬಿಡುತ್ತಿದ್ದರು, ಆದರೆ ಸೊಪ್ಪು ತಿಂದವರಲ್ಲೂ ಇವು ಸಿಗುತ್ತವೆ. ಸರಿಸಿದಳು. ಅಂಚಿನಲ್ಲಿ ಕಂದುಗೆಂಪಿನ ಉದ್ದನೆಯದೊಂದು ಮಲಗಿತ್ತು. ಪವರು ಏರಿಸಿದಳು. ಸಮಾನಾಂತರ ಬದಿ, ಮೊಂಡು ತುದಿ, ಒಳಗೆ ಒತ್ತೊತ್ತಾಗಿ ಕೆಂಪು ರಕ್ತಕಣಗಳು. ಸುತ್ತಲಿದ್ದ ಕಣಗಳೂ ದುಂಡಗಿರಲಿಲ್ಲ, ಕೆಲವಕ್ಕೆ ಅಂಚಿನಲ್ಲಿ ಗುಳ್ಳೆ ಮೂಡಿತ್ತು. ಕಿಡ್ನಿಯ ಜರಡಿಯಲ್ಲಿ ನುಗ್ಗಿಬಂದ ರಕ್ತ ಹೀಗಿರುತ್ತದೆ. ಬೆರಳಿನಿಂದ ಎಷ್ಟು ರಕ್ತ ಸುರಿದರೂ ಇಂಥದೊಂದು ಅಚ್ಚು ಆಗುವುದಿಲ್ಲ.

ಪೆಥಾಲಜಿ ವೈದ್ಯೆ ಬದರುನ್ನೀಸಾ ಬಂದು ಕಣ್ಣಿಟ್ಟು, ಗಾಜನ್ನು ಅಂಚಿನುದ್ದಕ್ಕೂ ಸರಿಸಿ ನೋಡಿದರು.

"ಕಿಡ್ನಿ ಉರಿಯೂತ ಸರಳಾ. ಇವತ್ತೇ ರಕ್ತ ತೆಗೆದು ಕ್ರಿಯಾಟಿನಿನ್ ನೋಡಿ, ಆಸ್ಪತ್ರೆಗೆ ಕಳಿಸ್ಬೇಕು. ತಡವಾದ್ರೆ ಕಿಡ್ನಿ ಉಳಿಯಲ್ಲ."

ಸರಳಾ ಹೊರಗೆ ಬಂದಳು. ಬಂದಾಗಿನಿಂದ ಅವನ ಬೆರಳನ್ನಷ್ಟೇ ನೋಡಿದ್ದಳು, ಮುಖವನ್ನು ಈಗ ನೋಡಿದಳು. ರೆಪ್ಪೆಗಳು ಊದಿ ಕಣ್ಣು ಸಣ್ಣಗಾಗಿದ್ದವು. ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

"ಫಕೀರಪ್ಪ, ನೀವು ರಕ್ತ ಹಾಕಿಲ್ಲ. ಅದು ಕಿಡ್ನಿಯಿಂದಾನೇ ಬರ್ತಿದೆ."

ಅವನ ಮುಖ ಅರಳಿತು. "ಹೌದಲ್ರಿ? ನಾ ಸುಳ್ಳ ಹೇಳಿಲ್ಲ ಅಂತಾತಲ್ರಿ!"

"ಹೌದು. ಆದ್ರೆ ಕೇಳಿ, ಕಿಡ್ನಿಗೆ ದೊಡ್ಡ ತೊಂದರೆಯಾಗಿದೆ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು."

"ಹೋಗ್ತೀನ್ರಿ ಯಕ್ಕಾ." ಅವನು ನಗುತ್ತಲೇ ತನ್ನ ಫೋನ್ ಅವಳ ಕೈಗಿಟ್ಟ. "ಮೊದಲ ಸಾಹೇಬ್ರಿಗೆ ಹೇಳ್ರಿ. ಎಲ್ಲಾರ ಮುಂದ ನನ್ನ ಕಳ್ಳ ಅಂದಾರ."