ಹನ್ನೊಂದು ರೂಪಾಯಿ ಸಂಚಕಾರ

ಪುಟ್ಟೇನಹಳ್ಳಿಯ ಸೊಣ್ಣಮ್ಮನಿಗೆ ಕಾಗದ ಕಂಡರೆ ಮೈಯುರಿ. ಕಾರಣವಿಲ್ಲದೆ ಅಲ್ಲ ಬಿಡಿ. ಗಂಡ ಸತ್ತ ಮಾರನೇ ವರ್ಷ ಬ್ರೋಕರ್ ಒಬ್ಬ ಬಂದು, "ಕಂದಾಯದ ರಸೀದಿ, ಒಂದು ಹೆಬ್ಬೆಟ್ಟು ಒತ್ತು ತಾಯಿ" ಅಂದ. ಒತ್ತಿದಳು. ಒತ್ತಿದ್ದು ಕೆರೆ ಕೆಳಗಿನ ಎರಡೆಕರೆಯನ್ನ ಅವನು ಹೇಳಿದ ಬೆಲೆಗೆ ಬಿಟ್ಟುಕೊಡೋ ಒಪ್ಪಿಗೆಗೆ. ಈಗ ಅಲ್ಲಿ ಸೈಟುಗಳ ಕಲ್ಲು ನೆಟ್ಟಿದ್ದಾರೆ. ಅವತ್ತಿಂದ ಇವಳ ಹೆಬ್ಬೆಟ್ಟು ಯಾವ ಕಾಗದಕ್ಕೂ ತಾಗಿಲ್ಲ. ರಿಜಿಸ್ಟರ್ ಪತ್ರ ಅಂತ ಅಂಚೆಯವನು ಬಂದರೆ ನಾಯಿ ಓಡಿಸಿದ ಹಾಗೆ ಓಡಿಸ್ತಾಳೆ.

ಜಮೀನಿನ ದುಡ್ಡಲ್ಲಿ ಉಳಿದದ್ದು, ಕಾಸಿನ ಸರ ಮಾರಿದ್ದು ಎಲ್ಲ ಸೇರಿ ಸಾವಿರದ ಒಂಬೈನೂರು. ಅದರಲ್ಲಿ ಒಂದು ಹಿಟ್ಟಿನ ಗಿರಣಿ ಹಾಕಬೇಕು. ಊರಿಗೆ ಕರೆಂಟು ಬಂದು ಎರಡು ವರ್ಷವಾದರೂ ಹೆಂಗಸರು ರಾಗಿ ಹೊತ್ತುಕೊಂಡು ಬನಶಂಕರಿ ಕಡೆಗೇ ನಡೀತಿದ್ದರು. ಗಿರಣಿ ಬಂತೋ, ಅನ್ನ ಉಂಟು. ಬರಲಿಲ್ಲವೋ, ಬೇರೆಯವರ ಮನೆಯಲ್ಲಿ ಮುಸುರೆ ತಿಕ್ಕಬೇಕು. ಮೂರನೇ ದಾರಿ ಅವಳಿಗೆ ಇರಲಿಲ್ಲ.

ಜಯನಗರದಲ್ಲಿ ರಾಮಪ್ರಸಾದರದ್ದೊಂದು ಮೋಟಾರು, ಮಿಷನ್ ಮಾರೋ ಅಂಗಡಿ. ಅಲ್ಲಿಯ ಗುಮಾಸ್ತೆ ಅನಂತರಾಮು ಫೆಬ್ರವರಿ ಮೊದಲ ವಾರದಲ್ಲಿ ಕೊಟೇಶನ್ ಬರೆದುಕೊಟ್ಟ. ನಂಬರ್ ಮೂವತ್ತೇಳು. ಗಿರಣಿ, ಕಲ್ಲು, ಮೋಟಾರು ಸೇರಿ ಸಾವಿರದ ಎಂಟುನೂರ ಅರವತ್ತು.

"ನೋಡಿ ಅಮ್ಮ, ಈ ರೇಟು ಇಪ್ಪತ್ತೆಂಟನೇ ತಾರೀಖಿನವರೆಗೆ ಮಾತ್ರ. ಮಾರ್ಚ್ ಒಂದರಿಂದ ಫ್ಯಾಕ್ಟರಿಯವರು ಜಾಸ್ತಿ ಮಾಡ್ತಾರೆ. ಇದು ಬರೀ ದರ ಹೇಳಿದ್ದು, ಆರ್ಡರ್ ಅಲ್ಲ. ಆರ್ಡರ್ ಆಗಬೇಕಾದರೆ ಕಾಲು ಭಾಗ, ಅಂದರೆ ನಾನೂರ ಅರವತ್ತೈದು ಅಡ್ವಾನ್ಸ್ ಕಟ್ಟಿ, ಫಾರಮ್ಮಿಗೆ ಹೆಬ್ಬೆಟ್ಟು ಹಾಕಬೇಕು. ಆಮೇಲೆ ನಾವು ಕನ್ಫರ್ಮ್ ಮಾಡಿ ಪತ್ರ ಕೊಡ್ತೀವಿ. ಅದು ಕೈಗೆ ಬಂದರೆ ರೇಟು ನಿಂತ ಹಾಗೆ."

ಇಪ್ಪತ್ತೆಂಟು ಅಂತ ಅವನು ಒತ್ತಿ ಒತ್ತಿ ಹೇಳಿದ್ದೇ ಇವಳಿಗೆ ಅನುಮಾನ. ಅವಸರ ಮಾಡೋನು ಯಾವತ್ತೂ ಒಳ್ಳೆಯವನಲ್ಲ ಅಂತ ಇವಳ ಲೆಕ್ಕ. ಆ ಬ್ರೋಕರನೂ ಹೀಗೇ ಅವಸರ ಮಾಡಿದ್ದ, ಹೀಗೇ ನಗುನಗುತ್ತಾ ಮಾತಾಡಿದ್ದ. ಗುಮಾಸ್ತೆಯ ಕಿವಿಯ ಹಿಂದಿನ ಪೆನ್ಸಿಲ್ಲೂ ಇವಳಿಗೆ ಮೋಸದ ಸಾಮಾನಿನಂತೆ ಕಂಡಿತು. ಎಂಥ ಮನಸ್ಸೋ.

ಆದರೂ ಗಿರಣಿ ಬೇಕಲ್ಲ. ಇಪ್ಪತ್ತನೇ ತಾರೀಖು, ಅಮಾವಾಸ್ಯೆಗೆ ಮುಂಚೆ, ಹಳ್ಳಿಯ ಪದ್ಧತಿಯಂತೆ ಹೋದಳು. ಎರಡು ವೀಳ್ಯದೆಲೆ, ಒಂದು ಅಡಿಕೆ, ಮೇಲೆ ಹನ್ನೊಂದು ರೂಪಾಯಿ. "ಸಂಚಕಾರ" ಅಂತ ಅನಂತರಾಮುವಿನ ಕೈಗೇ ಇಟ್ಟಳು. ಅವಳ ಊರಲ್ಲಿ ಎತ್ತಾಗಲಿ, ಎಮ್ಮೆಯಾಗಲಿ, ವೀಳ್ಯದ ಮೇಲೆ ಸಂಚಕಾರ ಅಂತ ಮುಂಗಡ ಹಿಡಿದವನು ಮಾತು ತಪ್ಪೋ ಹಾಗಿಲ್ಲ. ಮಿಕ್ಕ ದುಡ್ಡು ಹದಿನೈದು ದಿನಕ್ಕೆ ಬಂದರೂ ಆಯ್ತು.

"ಇಷ್ಟು ಸಾಲದಮ್ಮ. ಫಾರಮ್ಮಿಗೆ ಹೆಬ್ಬೆಟ್ಟಾದರೂ..." ಅಂತ ಅವನು ಇಂಕಿನ ಡಬ್ಬಿ ತೆಗೆಯೋದರೊಳಗೆ ಇವಳು ಸೆರಗು ಸಿಕ್ಕಿಸಿಕೊಂಡು ರಸ್ತೆಗಿಳಿದಿದ್ದಳು.

ಮಾರ್ಚ್ ನಾಲ್ಕು, ಸೋಮವಾರ. ಸೊಣ್ಣಮ್ಮ ಅಡ್ವಾನ್ಸಿನ ಬಾಕಿ ನಾನೂರ ಐವತ್ತನಾಲ್ಕನ್ನ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಳು. ಅನಂತರಾಮು ಟಪಾಲು ತರಲು ಪೋಸ್ಟಾಫೀಸಿಗೆ ಹೋಗಿದ್ದ. ಗಲ್ಲಾದಲ್ಲಿ ಯಜಮಾನರು ರಾಮಪ್ರಸಾದರೇ ಕೂತಿದ್ದರು. ಕೊಟೇಶನ್ ಮೇಲೆ ಕಣ್ಣಾಡಿಸಿ ವಾಪಸ್ಸು ಕೊಟ್ಟರು.

"ಇದರ ಗಡುವು ಮುಗೀತಲ್ಲಮ್ಮ. ಈಗ ಎರಡು ಸಾವಿರದ ಎಂಬತ್ತು. ಬೇಕಾದರೆ ಹೊಸ ಕೊಟೇಶನ್ ಬರೆಸ್ತೀನಿ."

"ಸಂಚಕಾರ ಕೊಟ್ಟಿದ್ದೀನಿ ಸ್ವಾಮಿ. ನಿಮ್ಮ ಗುಮಾಸ್ತೆ ಕೈಗೆ."

ಅವರು ಆರ್ಡರ್ ಫಾರಮ್ಮುಗಳ ಫೈಲು ತಿರುವಿದರು. "ನಿಮ್ಮ ಹೆಸರಲ್ಲಿ ಫಾರಮ್ಮೇ ಇಲ್ವಲ್ಲ."

ಸೊಣ್ಣಮ್ಮ ಲೆಕ್ಕ ಹಾಕಿದಳು. ಇನ್ನೂರ ಇಪ್ಪತ್ತು ಜಾಸ್ತಿ. ಅವಳ ಹತ್ತಿರ ಇದ್ದದ್ದನ್ನೆಲ್ಲ ಗುಡ್ಡೆ ಹಾಕಿದರೂ ಸಾಲದು. ನುಂಗಿಬಿಟ್ಟ, ಆ ಪೆನ್ಸಿಲ್ಲಿನವನು ಹನ್ನೊಂದು ರೂಪಾಯಿಯ ಜೊತೆ ಗಿರಣಿಯನ್ನೂ ನುಂಗಿಬಿಟ್ಟ. ಎರಡನೇ ಸಲ ಬೋಳಿಸಿಕೊಂಡೆನಲ್ಲ ಅಂತ ಅವಳಿಗೆ ಅಳು ಬಂತು. ಅಳದೆ ಅಂಗಡಿಯ ಹೊಸಲಿನ ಮೇಲೆ ಕೂತಳು. "ಅವನು ಬರಲಿ" ಅಂದಳು, ಅಷ್ಟೆ.

ಬಂದ. ಕಂಕುಳಲ್ಲಿ ಟಪಾಲಿನ ಕಟ್ಟು. ಅವಳನ್ನು ಕಂಡವನೇ, "ಬಂದ್ರಾ ಅಮ್ಮ? ಸದ್ಯ" ಅಂದ.

"ನನ್ನ ಸಂಚಕಾರ ಏನು ಮಾಡಿದೆ? ತಿಂದೆಯಾ?" ಸ್ವಾಮಿ ಹೋಗಿ ಏಕವಚನ ಬಂದಿತ್ತು. ರಸ್ತೆಯಲ್ಲಿ ಹೋಗ್ತಿದ್ದವರೂ ನಿಂತು ನೋಡಿದರು.

ಅನಂತರಾಮುವಿನ ಮುಖ ಕೆಂಪಾಯ್ತು. ಟಪಾಲಿನಿಂದ ಒಂದು ರಿಜಿಸ್ಟರ್ ಲಕೋಟೆ ತೆಗೆದು ಅವಳ ಮುಂದೆ ಹಿಡಿದ. ಮೇಲೆ ಕೆಂಪು ಶಾಯಿಯಲ್ಲಿ ಏನೋ ಗೀಚಿತ್ತು.

"ಇಪ್ಪತ್ತೇಳನೇ ತಾರೀಖು ನಿಮಗೇ ಕಳಿಸಿದ್ದು. ತಗೊಳ್ಳಲ್ಲ ಅಂದ್ರಂತೆ, ವಾಪಸ್ ಬಂದಿದೆ. ಈಗಾದರೂ ತಗೊಳ್ಳಿ."

ಹೌದು, ಶುಕ್ರವಾರ ಅಂಚೆಯವನನ್ನ ಓಡಿಸಿದ್ದಳು. ಆದರೂ ಅವಳು ಸೋಲಲಿಲ್ಲ. "ನೀನು ಓದಬೇಡ. ನಿಮ್ಮ ಯಜಮಾನರೂ ಬೇಡ."

ಪಕ್ಕದ ಶಾಲೆಯ ಟೀಚರ್ ಕಾತ್ಯಾಯಿನಿ ಊಟಕ್ಕೆ ಮನೆಗೆ ಹೊರಟಿದ್ದವರು ಗುಂಪಿನಲ್ಲಿ ನಿಂತಿದ್ದರು. ಸೊಣ್ಣಮ್ಮ ಲಕೋಟೆಯನ್ನು ಅವರ ಕೈಗಿಟ್ಟಳು. ಅವರು ಒಡೆದು, ಇಂಗ್ಲಿಷಿನದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು.

"ಕೊಟೇಶನ್ ನಂಬರ್ ಮೂವತ್ತೇಳರ ಪ್ರಕಾರ ನೀವು ಇಪ್ಪತ್ತನೇ ತಾರೀಖು ಬಾಯಲ್ಲಿ ಹೇಳಿದ ಆರ್ಡರನ್ನ ಒಪ್ಪಿದ್ದೇವೆ. ಹನ್ನೊಂದು ರೂಪಾಯಿ ಅಡ್ವಾನ್ಸಿಗೆ ಜಮಾ ಮಾಡಿದ್ದೇವೆ, ರಸೀದಿ ಇದರಲ್ಲಿದೆ. ಬೆಲೆ ಸಾವಿರದ ಎಂಟುನೂರ ಅರವತ್ತು, ಸಾಮಾನು ತಲುಪೋವರೆಗೂ ಬದಲಾಗೋದಿಲ್ಲ. ಅಡ್ವಾನ್ಸಿನ ಬಾಕಿಯನ್ನ ಈ ಪತ್ರ ನಿಮ್ಮ ಕೈ ಸೇರಿದ ಏಳು ದಿನದೊಳಗೆ ಕಟ್ಟಿ, ಜೊತೆಗಿರೋ ನಕಲಿಗೆ ಹೆಬ್ಬೆಟ್ಟು ಹಾಕಿಕೊಡಿ. ಕೆಳಗೆ ಯಜಮಾನರ ಸಹಿ."

ರಾಮಪ್ರಸಾದರು ಪತ್ರ ಇಸಕೊಂಡು ತಮ್ಮ ಸಹಿಯನ್ನೇ ಒಂದು ನಿಮಿಷ ನೋಡಿದರು. ಅವತ್ತು ಟೈಪಾಗಿ ಬಂದ ಕಟ್ಟಿಗೆ ಓದದೆ ಸಹಿ ಹಾಕಿದ್ದು ನೆನಪಾಯ್ತೋ ಏನೋ.

"ಕೈ ಸೇರಿದ ಏಳು ದಿನ ಅಂತ ಯಾಕಯ್ಯ ಬರೆದೆ?"

"ಇವರು ರಿಜಿಸ್ಟರ್ ಬೇಗ ತಗೊಳ್ಳಲ್ಲ ಅನ್ನಿಸಿತು ಸಾರ್. ಇವತ್ತು ಕೈ ಸೇರಿದೆ. ಫ್ಯಾಕ್ಟರಿಗೂ ಇಪ್ಪತ್ತೇಳಕ್ಕೇ ಹಳೇ ರೇಟಲ್ಲಿ ಆರ್ಡರ್ ಹಾಕಿದ್ದೀನಿ, ಅವರೂ ಒಪ್ಪಿದ್ದಾರೆ. ನಮಗೇನೂ ನಷ್ಟ ಇಲ್ಲ."

ಯಜಮಾನರು ಗೊಣಗಿಕೊಂಡು ಪತ್ರವನ್ನು ಮೇಜಿನ ಮೇಲಿಟ್ಟರು. ಸಹಿ ಅವರದೇ, ನಷ್ಟವೂ ಇಲ್ಲ.

ಸೊಣ್ಣಮ್ಮ ಎದ್ದು ನಿಂತಳು. ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ. "ಫಾರಮ್ಮಿಗೆ ನಾನು ಒತ್ತಲೇ ಇಲ್ಲ. ಯಾಕೆ ಮಾಡಿದ್ರಿ ಸ್ವಾಮಿ?"

"ವೀಳ್ಯದ ಮೇಲಿಟ್ಟು ಕೊಟ್ರಿ. ಕೈ ಒಡ್ಡಿ ತಗೊಂಡೋನು ನಾನು."

ಅವಳು ಗಂಟು ಬಿಚ್ಚಿ ದುಡ್ಡು ಸುರಿದಳು. ಅವನು ಎಣಿಸಿ ರಸೀದಿ ಹರಿದ. ನಕಲನ್ನು ಹತ್ತಿರಕ್ಕೆಳೆದುಕೊಂಡು, "ಇದರಲ್ಲಿ ಏನಿದೆ ಅಂತ ಟೀಚರ್ ಇನ್ನೊಂದು ಸಲ ಓದಿ ಹೇಳಲಿ" ಅಂದ.

ಸೊಣ್ಣಮ್ಮ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಓದೋದೇನೂ ಬೇಡ. ಎಲ್ಲಿ ಒತ್ತಲಿ, ತೋರಿಸಿ" ಅಂದಳು.